ಅಣ್ಣ ತಂದ ಉದ್ರಿ ಗೊಬ್ಬರ, ಲಾಯರ್ ನೋಟಿಸು ನನ್ನ ಮನೆಗೆ. 20 ಪರ್ಸೆಂಟ್ ಪಾಲುದಾರ ಪೂರ್ತಿ ಸಾಲ ಕಟ್ಟಬೇಕಾ?

ಹಾವೇರಿ ಮಂಜು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

2019ರಲ್ಲಿ ನಮ್ಮ ದೊಡ್ಡಪ್ಪನ ಮಗ, ಅವನ ಗೆಳೆಯ ಒಬ್ಬರು ಮತ್ತೆ ನಾನು ಸೇರಿ ರಾಣೆಬೆನ್ನೂರು ಹತ್ತಿರ ಗೊಬ್ಬರ, ಬೀಜ, ಔಷಧಿ ಅಂಗಡಿ ಹಾಕಿದ್ವಿ. ಅಣ್ಣನಿಗೆ 50, ಗೆಳೆಯನಿಗೆ 30, ನನಗೆ 20 ಪಾಲು. ನಾನು ಹಾಕಿದ ದುಡ್ಡು 3 ಲಕ್ಷ. ಕೆಲಸ ಬೆಂಗಳೂರಲ್ಲಿ, ಹಾಗಾಗಿ ಅಂಗಡಿ ಕಡೆ ತಲೆ ಹಾಕಿದ್ದೇ ಕಡಿಮೆ. ಡೀಡ್ ರಿಜಿಸ್ಟರ್ ಆಗಿದೆ. ಅದರಲ್ಲಿ ಒಂದು ಷರತ್ತು ನಾನೇ ಹಠ ಮಾಡಿ ಬರೆಸಿದ್ದೆ: ಒಬ್ಬ ಸಗಟು ವ್ಯಾಪಾರಿ ಹತ್ತಿರ 3 ಲಕ್ಷ ಮೀರಿ ಬಾಕಿ ಮಾಡಬೇಕಂದ್ರೆ ಮೂರೂ ಜನರ ಸಹಿ ಬೇಕು.

2023ರ ಮುಂಗಾರಿಗೆ ಅಣ್ಣ ಒಬ್ಬನೇ ಹುಬ್ಬಳ್ಳಿಯ ಸಗಟು ವ್ಯಾಪಾರಿಯಿಂದ ಉದ್ರಿ ಮಾಲು ತಂದ. ಆ ವರ್ಷ ಬರ. ಗೋವಿನಜೋಳ ಒಣಗಿತು, ರೈತರ ಉದ್ರಿ ವಸೂಲಾಗಲಿಲ್ಲ. ಈಗ ಬಾಕಿ 14,60,000 ಅಂತ ನೋಟಿಸು, ಮೂರೂ ಜನರ ಹೆಸರಿಗೆ, ನನ್ನದು ಬೆಂಗಳೂರಿನ ಮನೆ ವಿಳಾಸಕ್ಕೇ. ಇದರ ಜೊತೆ ಅಣ್ಣ ಒಬ್ಬ ಫೈನಾನ್ಸಿನವರ ಹತ್ತಿರ 4 ಲಕ್ಷ ಕೈಗಡ ಮಾಡಿದ್ದಾನೆ. ಪ್ರೋನೋಟಿನ ಮೇಲೆ ಅವನ ಹೆಸರು, ಅವನ ಸಹಿ ಮಾತ್ರ. "ಅಂಗಡಿಗೇ ಹಾಕಿದೆ" ಅಂತಾನೆ.

ನಾನು ಒಂದು ಬಿಲ್ಲಿಗೂ ಸಹಿ ಹಾಕಿಲ್ಲ. ನನ್ನ ಜವಾಬ್ದಾರಿ ಹಾಕಿದ 3 ಲಕ್ಷಕ್ಕೆ ಮುಗಿಯುತ್ತೆ ತಾನೆ? ಇವತ್ತೇ ಪಾಲುದಾರಿಕೆ ಬಿಟ್ಟೆ ಅಂತ ಬರೆದುಕೊಟ್ಟರೆ ಹೇಗೆ?

ಬಸಣ್ಣ ಕೆ

ತಮ್ಮಾ, ಜಾಮೀನಿಗೆ ಸಹಿ ಹಾಕೀಯೇನು? ಇಲ್ಲಂದ್ರ ನಿನಗ ಏನೂ ಆಗೂದಿಲ್ಲ, ಆರಾಮ ಮಲಗು. ನಮ್ಮ ಅಳಿಯ ಸೊಸೈಟಿ ಸಾಲ ತಗೊಂಡಾಗ ನಾ ಜಾಮೀನ ಹಾಕಿ ಎರಡು ವರ್ಷ ಅಡ್ಡಾಡೀನಿ. ಸಹಿ ಇತ್ತು, ಅದಕ್ಕ ಸಿಕ್ಕೊಂಡೆ. ಸಹಿ ಇಲ್ಲದವನ್ನ ಯಾರೂ ಮುಟ್ಟಂಗಿಲ್ಲ.

ನವೀನ್ ಎಲ್ಎಲ್‌ಬಿ

ಡೀಡಲ್ಲಿ 3 ಲಕ್ಷದ ಮಿತಿ ಇದೆ ಅಂದ್ಮೇಲೆ ಅದರ ಮೇಲಿನ ಖರೀದಿ ಅಧಿಕಾರ ಮೀರಿದ್ದು. ಸಂಸ್ಥೆ ಅದಕ್ಕೆ ಬದ್ಧ ಅಲ್ಲ, ಅದು ನಿಮ್ಮಣ್ಣನ ಸ್ವಂತ ಸಾಲ. ಉತ್ತರದಲ್ಲಿ ಇದೊಂದು ಸಾಲು ಸಾಕು. ಅಲ್ಲದೆ ನೀವು ಅಂಗಡಿ ನಡೆಸದ ಪಾಲುದಾರ, ಹಾಕಿದ ಬಂಡವಾಳದ ಮೇಲೆ ಜವಾಬ್ದಾರಿ ಬರಲ್ಲ.

ಶಾರದಾ, ಧಾರವಾಡ

ಮಂಜು ಅವರೇ, ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ಇಂಥ ವಸೂಲಿ ದಾವೆಗಳನ್ನು ಎರಡೂ ಕಡೆಯಿಂದ ನಡೆಸಿದ್ದೇನೆ. ಮೇಲಿನ ಇಬ್ಬರ ಮಾತು ನಂಬಿಕೊಂಡು ಉತ್ತರ ಕಳಿಸಬೇಡಿ.

ಬಸಣ್ಣನವರು ಹೇಳಿದ್ದು ಜಾಮೀನಿನ ಮಾತು. ಜಾಮೀನುದಾರನಿಗೆ ಸಹಿ ಬೇಕು, ಪಾಲುದಾರನಿಗೆ ಬೇಡ. 1932ರ ಪಾಲುದಾರಿಕೆ ಕಾಯಿದೆಯ 18ನೇ ಕಲಂ ಪ್ರಕಾರ ಪ್ರತಿ ಪಾಲುದಾರನೂ ಸಂಸ್ಥೆಯ ಏಜೆಂಟ್. ಗೊಬ್ಬರದ ಅಂಗಡಿಯವನು ಗೊಬ್ಬರ ಉದ್ರಿ ತರುವುದು ಆ ವ್ಯಾಪಾರದ ದಿನನಿತ್ಯದ ಕೆಲಸ. ಹಂಗಾಮಿಗೆ ಮಾಲು ಎತ್ತಿ, ಸುಗ್ಗಿಗೆ ಹಣ ಕೊಡೋದು ನಿಮ್ಮ ಊರಲ್ಲಿ ಎಲ್ಲರೂ ಮಾಡುವುದೇ. 19ನೇ ಕಲಂ ಹೇಳೋದು ಇಷ್ಟೆ: ಆ ಬಗೆಯ ವ್ಯಾಪಾರವನ್ನು ರೂಢಿಯಂತೆ ನಡೆಸಲು ಒಬ್ಬ ಪಾಲುದಾರ ಮಾಡಿದ್ದು ಸಂಸ್ಥೆಯೇ ಮಾಡಿದಂತೆ. ಸಂಸ್ಥೆ ಅಂದ್ರೆ ಬೇರೆ ಯಾರೋ ಅಲ್ಲ, ನೀವು ಮೂರು ಜನ. ಆಮೇಲೆ 25ನೇ ಕಲಂ ಬರುತ್ತೆ. ನೀವು ಪಾಲುದಾರರಾಗಿದ್ದಾಗ ಸಂಸ್ಥೆ ಮಾಡಿದ ಕೆಲಸಕ್ಕೆ ಎಲ್ಲರೂ ಒಟ್ಟಾಗಿ ಹೊಣೆ, ಒಬ್ಬೊಬ್ಬರೂ ಬೇರೆ ಬೇರೆಯಾಗಿಯೂ ಹೊಣೆ.

ಆದ್ದರಿಂದ ಸಗಟು ವ್ಯಾಪಾರಿ ನಿಮ್ಮ ಹತ್ತಿರ 20 ಪರ್ಸೆಂಟ್ ಕೇಳಬೇಕಾಗಿಲ್ಲ. 14,60,000 ಪೂರ್ತಿ ನಿಮ್ಮೊಬ್ಬರಿಂದಲೇ ಕೇಳಬಹುದು. ಬೆಂಗಳೂರಲ್ಲಿ ಸಂಬಳ ಬರುವವನು ನೀವೊಬ್ಬರೇ ಆದರೆ ಕೇಳುವುದೂ ನಿಮ್ಮನ್ನೇ. ಕಟ್ಟಿದ ಮೇಲೆ ನೀವು ಉಳಿದವರಿಂದ ಪಡೆಯಬೇಕು. ಡೀಡಿನ ಲೆಕ್ಕದಲ್ಲಿ ನಿಮ್ಮ ಭಾಗ 2,92,000. ಅಣ್ಣನದು 7,30,000, ಗೆಳೆಯನದು 4,38,000. ಅದು ನಿಮ್ಮ ಮೂವರ ಒಳಗಿನ ಲೆಕ್ಕ. ಸಗಟು ವ್ಯಾಪಾರಿಗೂ ಅದಕ್ಕೂ ಸಂಬಂಧ ಇಲ್ಲ.

ನವೀನ್, ನೀವು ಹೇಳಿದ್ದು ಅರ್ಧ ಸರಿ. ಡೀಡಿನಲ್ಲಿ ಅಧಿಕಾರಕ್ಕೆ ಮಿತಿ ಹಾಕಬಹುದು, ಆದರೆ 20ನೇ ಕಲಂನ ಎರಡನೇ ಭಾಗ ಓದಿ. ಎದುರಿನವನಿಗೆ ಆ ಮಿತಿ ಗೊತ್ತಿದ್ದರೆ ಮಾತ್ರ ಅದು ಅವನನ್ನು ತಡೆಯುತ್ತೆ. ಇಲ್ಲವೇ ಎದುರಿನವನು ಮಾಲು ತಂದವನನ್ನು ಪಾಲುದಾರ ಅಂತಲೇ ತಿಳಿದಿರಬಾರದು. ಗೊತ್ತಿಲ್ಲದವನ ಮಟ್ಟಿಗೆ ಆ ಷರತ್ತು ಇಲ್ಲದಂತೆಯೇ. ಮತ್ತೆ ಬಂಡವಾಳದಷ್ಟೇ ಹೊಣೆ ಅನ್ನೋದು 2008ರ ಕಾಯಿದೆಯ ಎಲ್ಎಲ್‌ಪಿಗೆ, ಅಂದ್ರೆ ಸೀಮಿತ ಹೊಣೆಯ ಪಾಲುದಾರಿಕೆಗೆ. ಇದು ಹಳೇ ಪಾಲುದಾರಿಕೆ. ಮಲಗಿದ್ದ ಪಾಲುದಾರನೂ ಎದ್ದು ಕೂತು ಕಟ್ಟಬೇಕು.

ಹಾವೇರಿ ಮಂಜು

ಮೇಡಂ, ಓದಿ ಕೈಕಾಲು ತಣ್ಣಗಾಯ್ತು. ಹಾಗಾದ್ರೆ ನಾನು ಹಠ ಮಾಡಿ ಬರೆಸಿದ ಷರತ್ತಿಗೆ ಬೆಲೆನೇ ಇಲ್ವಾ?

ಹುಬ್ಬಳ್ಳಿ ಸಗಟು

ನಾನೂ ಇದೇ ಧಂದೆದಾಂವ. ನಿಮಗ ನೋಟಿಸ್ ಕಳಿಸಿದಾಂವ ನಾ ಅಲ್ಲ, ಮೊದಲ ಹೇಳಿಬಿಡ್ತೇನಿ. ನಮ್ಮ ಕಡೆಯಿಂದ ಹೆಂಗ ಕಾಣತೈತಿ ಅಂತ ಹೇಳತೇನಿ.

ಅಂಗಡಿ ಮುಂದ ಬೋರ್ಡ್ ಐತಿ, ಲೈಸನ್ಸ್ ಐತಿ, ಜಿಎಸ್‌ಟಿ ನಂಬರ್ ಐತಿ, ಮಾತಾಡಾಕ ಬಂದಾಂವ ಪಾಲುದಾರ ಅಂತ ಗೊತ್ತೈತಿ. ಮುಂಗಾರಿ ಬಂತಂದ್ರ ದಿನಕ್ಕ ಹತ್ತು ಲಾರಿ ಲೋಡ್ ಮಾಡಬೇಕು. ಒಬ್ಬೊಬ್ಬರಿಗೂ "ನಿಮ್ಮ ಡೀಡ್ ತಗೀರಿ, ಎಷ್ಟನೇ ಷರತ್ತಿನಾಗ ಏನೈತಿ ತೋರಸ್ರಿ" ಅಂತ ಕೇಳಕೋಂತ ಕುಂತ್ರ ಮಳಿ ಹೋಗಿರ್ತೈತಿ. ನೀವು ಮೂರು ಮಂದಿ ಒಬ್ಬರಿಗೊಬ್ಬರು ಏನು ಆಣೆ ಹಾಕ್ಕೊಂಡೀರಿ ಅನ್ನೂದು ನಮಗ ಹೆಂಗ ಗೊತ್ತಾಗಬೇಕು? ಲಾಭ ಬಂದಾಗ ಮೂರೂ ಮಂದಿ ಹಂಚ್ಕೊಂಡೀರಲ್ಲ?

ಆದ್ರ ಒಂದು ಮಾತು, ಮಂಜಣ್ಣ. ಹೊಸ ಖಾತೆ ತೆರಿಯುವಾಗ ನಮ್ಮಲ್ಲಿ ಭಾಳ ಮಂದಿ ಡೀಡಿನ ಜೆರಾಕ್ಸ್ ಇಸ್ಕೊಂಡು ಫೈಲಿಗೆ ಹಾಕ್ತೇವಿ. ಓದೂದಿಲ್ಲ, ಅದು ಬ್ಯಾರೆ ಮಾತು. ನಿಮ್ಮ ಅಣ್ಣ 2019ರಾಗ ಕೊಟ್ಟಾನೇನು ಕೇಳ್ರಿ.

ಶಾರದಾ, ಧಾರವಾಡ

ಹುಬ್ಬಳ್ಳಿಯವರು ಹೇಳಿದ ಕೊನೇ ಮಾತೇ ಈ ಇಡೀ ಪ್ರಕರಣದಲ್ಲಿ ನಿಮಗಿರುವ ಒಂದು ಒಳ್ಳೆಯ ಎಳೆ. ಖಾತೆ ತೆರೆಯುವ ಅರ್ಜಿ ಜೊತೆ ಡೀಡಿನ ಪ್ರತಿ ಕೊಟ್ಟಿದ್ದರೆ, ಮಿತಿ ಅವರಿಗೆ ಗೊತ್ತಿತ್ತು ಅಂತ ವಾದಿಸಬಹುದು. 3 ಲಕ್ಷದ ಮೇಲಿನ 11,60,000ಕ್ಕೆ ಸಂಸ್ಥೆ ಬದ್ಧವಲ್ಲ ಅನ್ನಬಹುದು.

ಹಾವೇರಿ ಮಂಜು

ಅಣ್ಣನಿಗೆ ಫೋನ್ ಮಾಡಿದೆ. "ಅರ್ಜಿ ಜೊತೆ ಏನೇನೋ ಜೆರಾಕ್ಸ್ ಕೊಟ್ಟಿದ್ದೆ, ಡೀಡೂ ಇರಬೇಕು" ಅಂದ. ನನ್ನ ಪುಣ್ಯ ನೋಡಿ.

ಆದರೆ ಒಂದು ವಿಷಯ ಮೊದಲೇ ಹೇಳಬೇಕಿತ್ತು. 2021ರಲ್ಲೂ ಇದೇ ಸಗಟು ವ್ಯಾಪಾರಿ ಹತ್ತಿರ 8 ಲಕ್ಷದವರೆಗೆ ಬಾಕಿ ಹೋಗಿತ್ತು. ಅಣ್ಣ ಲೆಕ್ಕ ವಾಟ್ಸಾಪಲ್ಲಿ ಕಳಿಸಿದ್ದ. ನಾನು ನೋಡಿ "ಸರಿ ಅಣ್ಣ" ಅಂದಿದ್ದೆ. ಸುಗ್ಗಿ ಆದಮೇಲೆ ಅದೆಲ್ಲ ಚುಕ್ತಾ ಆಯ್ತು, ನನಗೂ 60 ಸಾವಿರ ಲಾಭ ಬಂತು.

ಹುಬ್ಬಳ್ಳಿ ಸಗಟು

ಹಾಂ. ಈಗ ಅಸಲಿ ಮಾತು ಹೊರಗ ಬಂತು ನೋಡ್ರಿ.

ಶಾರದಾ, ಧಾರವಾಡ

ಇದನ್ನು ನಿಮ್ಮ ವಕೀಲರಿಗೂ ಬಚ್ಚಿಡದೆ ಹೇಳಿ. ಎದುರಿನವರು ಖಂಡಿತ ಹೇಳೋದು ಹೀಗೆ: "ಷರತ್ತು ಕಾಗದದಲ್ಲಿತ್ತು, ನಡವಳಿಕೆಯಲ್ಲಿ ಇರಲಿಲ್ಲ. 2021ರಲ್ಲಿ ಮಿತಿ ಮೀರಿದಾಗ ಒಬ್ಬರೂ ಮಾತಾಡಲಿಲ್ಲ, ಹಣವೂ ಬಂತು. ಹಾಗಾಗಿ ಅಣ್ಣನಿಗೆ ಆ ಅಧಿಕಾರ ಇದೆ ಅಂತಲೇ ನಾವು ನಂಬಿದೆವು." ಫೈಲಿನಲ್ಲಿ ಪ್ರತಿ ಇದ್ದ ಮಾತ್ರಕ್ಕೆ "ಗೊತ್ತಿತ್ತು" ಅನ್ನಬಹುದೇ, ಇಲ್ಲ ಓದಿ ತಿಳಿದಿದ್ದರು ಅಂತ ತೋರಿಸಬೇಕೇ? ಸಾಕ್ಷಿ ನೋಡದೆ ನಾನು ಇಲ್ಲಿ ಭರವಸೆ ಕೊಡಲಾರೆ.

ಷರತ್ತಿಗೆ ಬೆಲೆ ಇಲ್ಲವಾ ಅಂತ ಕೇಳಿದ್ರಿ. ಇದೆ, ಆದರೆ ಅದು ಮುಖ್ಯವಾಗಿ ನಿಮ್ಮ ಮೂವರ ನಡುವೆ. ಒಪ್ಪಂದ ಮುರಿದು ನಷ್ಟ ಮಾಡಿದ ಅಂತ ಅಣ್ಣನ ಲೆಕ್ಕಕ್ಕೆ ಹೆಚ್ಚು ಹೊರಿಸಲು ನೀವು ಕೇಳಬಹುದು. ಅವನೂ ಹೇಳುತ್ತಾನೆ: ಮಾಲು ಅಂಗಡಿಗೇ ಬಂತು, ರೈತರಿಗೇ ಹೋಯ್ತು, ಬರಕ್ಕೆ ನಾನೇನು ಮಾಡಲಿ ಅಂತ.

ನವೀನ್ ಎಲ್ಎಲ್‌ಬಿ

20ನೇ ಕಲಂ ತಿದ್ದಿದ್ದಕ್ಕೆ ಧನ್ಯವಾದ ಮೇಡಂ. ಆದರೆ ಆ 4 ಲಕ್ಷದ ಕೈಗಡ? ಗೊಬ್ಬರದ ಸಾಲ ಎಲ್ಲರ ಮೇಲೂ ಬರುತ್ತೆ ಅಂದ್ರೆ ಅದೂ ಬರಬೇಕಲ್ವಾ, ಅಂಗಡಿಗೇ ಹಾಕಿದ್ದಾನಂತಲ್ಲ?

ಶಾರದಾ, ಧಾರವಾಡ

ಬರಲ್ಲ, ಕನಿಷ್ಠ ಆ ಪ್ರೋನೋಟಿನ ಮೇಲೆ ಬರಲ್ಲ. ಸಂಸ್ಥೆಯನ್ನು ಕಟ್ಟಿಹಾಕಬೇಕಂದ್ರೆ ಕಾಗದ ಸಂಸ್ಥೆಯ ಹೆಸರಲ್ಲಿ ಆಗಿರಬೇಕು, ಅಥವಾ ಸಂಸ್ಥೆಗಾಗಿ ಮಾಡುತ್ತಿದ್ದೇನೆ ಅನ್ನೋದು ಅದರಲ್ಲೇ ಕಾಣಬೇಕು. 22ನೇ ಕಲಂ ಇರೋದು ಇದಕ್ಕೇ. ಫೈನಾನ್ಸಿನವರು ನಂಬಿ ಸಾಲ ಕೊಟ್ಟಿದ್ದು ಅಣ್ಣನನ್ನು, ಬರೆಸಿಕೊಂಡಿದ್ದು ಅಣ್ಣನಿಂದ. ಆ ದುಡ್ಡು ಆಮೇಲೆ ಅಂಗಡಿಗೆ ಹೋಯ್ತೋ ಮದುವೆಗೆ ಹೋಯ್ತೋ ಅನ್ನೋದರಿಂದ ಸಾಲಗಾರ ಯಾರು ಅನ್ನೋದು ಬದಲಾಗಲ್ಲ.

ಅದೇ 4 ಲಕ್ಷವನ್ನು ಅಂಗಡಿಯ ಹೆಸರು, ಮೊಹರು ಹಾಕಿ, ಪಾಲುದಾರ ಅಂತ ಸಹಿ ಮಾಡಿ ಮಾಲು ತರೋಕೆ ತಂದಿದ್ದರೆ ಕಥೆ ಬೇರೆ ಇತ್ತು. ಕೊಂಡು ಮಾರುವ ಅಂಗಡಿಯ ಪಾಲುದಾರ ವ್ಯಾಪಾರಕ್ಕೆ ಸಾಲ ಎತ್ತೋದು ರೂಢಿಯೊಳಗಿನ ಕೆಲಸವೇ. ಹಾಗಾಗಿ ಪ್ರೋನೋಟನ್ನು ಕಣ್ಣಾರೆ ನೋಡಿ, ಅಣ್ಣನ ಬಾಯಿಮಾತು ಸಾಲದು.

ದುಡ್ಡು ನಿಜವಾಗಿ ಅಂಗಡಿ ಖಾತೆಗೆ ಬಂದಿದ್ದರೆ, ಅಣ್ಣ ಬಂಡವಾಳದ ಮೇಲೆ ಮುಂಗಡ ಹಾಕಿದಂತೆ. ಲೆಕ್ಕ ಮಾಡುವಾಗ ಅವನು ಅದನ್ನು ಸಂಸ್ಥೆಯಿಂದ ಕೇಳಬಹುದು. ಡೀಡಿನಲ್ಲಿ ಬೇರೆ ಮಾತಿಲ್ಲದಿದ್ದರೆ ಕಾಯಿದೆ ಕೊಡೋ ಬಡ್ಡಿ ವರ್ಷಕ್ಕೆ ನೂರಕ್ಕೆ 6. ಫೈನಾನ್ಸಿನವರಿಗೆ ಅವನು ಎಷ್ಟು ಬಡ್ಡಿ ಕಟ್ಟುತ್ತಿದ್ದಾನೋ ಅದಲ್ಲ.

ಕುಂದಾಪ್ರ ಸುಮತಿ

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮ ಮಾವನ ಕಥೆ ಇದೇ. ಮೂರು ಜನ ಸೇರಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಮಾವ ಬಿಟ್ಟರು, ಸ್ಟಾಂಪ್ ಪೇಪರಿನಲ್ಲಿ ಮೂವರೂ ಸಹಿ ಹಾಕಿದರು, "ಇನ್ನು ನನಗೂ ಅಂಗಡಿಗೂ ಸಂಬಂಧ ಇಲ್ಲ" ಅಂತ. ಆ ಕಾಗದ ನಮ್ಮ ಬೀರುವಿನಲ್ಲೇ ಇತ್ತು. ಎರಡು ವರ್ಷದ ನಂತರ ತಂದ ಸಿಮೆಂಟು, ಕಬ್ಬಿಣದ ಬಾಕಿಗೆ ಹಳೇ ಡೀಲರು ಮಾವನ ಮೇಲೂ ದಾವೆ ಹಾಕಿದರು. ನಿವೃತ್ತಿ ವಿಷಯ ಪೇಪರಿಗೆ ಕೊಡಬೇಕಿತ್ತಂತೆ. ಯಾರು ಹೇಳ್ತಾರೆ ನಮಗೆ ಇದೆಲ್ಲ?

ಶಾರದಾ, ಧಾರವಾಡ

ಸುಮತಿ ಅವರೇ, ನಿಮ್ಮ ಮಾವನ ಕಥೆ ಮಂಜು ಅವರ ಎರಡನೇ ಪ್ರಶ್ನೆಗೆ ಉತ್ತರ. ನಿವೃತ್ತಿಯಾದರೂ ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ, ಉಳಿದವರು ಮಾಡುವ ಹೊಸ ಸಾಲಕ್ಕೂ ಹೋದವನು ಸಿಗುತ್ತಾನೆ. ರಿಜಿಸ್ಟರ್ ಆದ ಸಂಸ್ಥೆಗೆ ಪ್ರಕಟಣೆ ಅಂದ್ರೆ ಮೂರು ಕಡೆ: ಸಂಸ್ಥೆಗಳ ರಿಜಿಸ್ಟ್ರಾರರಿಗೆ ನೋಟಿಸು, ಸರ್ಕಾರಿ ಗೆಜೆಟ್, ಮತ್ತೆ ಆ ಜಿಲ್ಲೆಯಲ್ಲಿ ಓಡಾಡುವ ಒಂದು ದೇಶಭಾಷೆಯ ಪತ್ರಿಕೆ. ನಾನು ಇನ್ನೊಂದನ್ನೂ ಹೇಳುತ್ತೇನೆ: ಪ್ರತಿ ಸಗಟು ವ್ಯಾಪಾರಿಗೂ ರಿಜಿಸ್ಟರ್ಡ್ ಪೋಸ್ಟ್ ಹಾಕಿ. ಗೆಜೆಟ್ ಓದುವ ಗೊಬ್ಬರದ ವ್ಯಾಪಾರಿಯನ್ನು ನಾನಿನ್ನೂ ನೋಡಿಲ್ಲ.

ಹೋದವನು ಪಾಲುದಾರನಾಗಿದ್ದ ಅನ್ನೋದೇ ಗೊತ್ತಿಲ್ಲದೆ ವ್ಯವಹಾರ ಮಾಡಿದವನಿಗೆ ಮಾತ್ರ ಈ ಮಾತು ಅನ್ವಯಿಸಲ್ಲ. ನಿಮ್ಮ ಮಾವನ ವಿಷಯದಲ್ಲಿ ಹಳೇ ಡೀಲರು, ಅವರಿಗೆ ಗೊತ್ತಿತ್ತು.

ಮಂಜು, ನಿಮಗೆ ಇದು ಮುಂದಿನ ಸಾಲಕ್ಕಷ್ಟೇ. 2023ರ ಮಾಲು ಬಂದಾಗ ನೀವು ಪಾಲುದಾರರು, ಇವತ್ತು ಬಿಟ್ಟರೆ ಅದು ಅಳಿಸಿಹೋಗಲ್ಲ. ಸಗಟು ವ್ಯಾಪಾರಿಯೂ ಒಪ್ಪಿ, ಮೂರೂ ಕಡೆಯವರು ಸೇರಿ ನಿಮ್ಮನ್ನು ಬಿಟ್ಟಂತೆ ಒಪ್ಪಂದ ಮಾಡಿದರೆ ಮಾತ್ರ ಬಿಡುಗಡೆ. ಅಣ್ಣ ಒಬ್ಬನೇ "ನಿನ್ನ ಸಾಲ ನಾನು ನೋಡ್ಕೋತೀನಿ" ಅಂತ ಬರೆದುಕೊಟ್ಟರೆ ಅದು ಅವನ ಮೇಲೆ ನಿಮಗಿರುವ ಹಕ್ಕು, ಅಷ್ಟೇ.

ಲೆಕ್ಕದ ಗಿರೀಶ

ಬಿಡುವಾಗ ಜಿಎಸ್‌ಟಿ ಮರೀಬೇಡಿ. ತೆರಿಗೆ ಬಾಕಿಗೂ ಪ್ರತಿ ಪಾಲುದಾರ ಹೊಣೆ. ನಿವೃತ್ತಿಯಾದ ದಿನಾಂಕವನ್ನು ಒಂದು ತಿಂಗಳೊಳಗೆ ಕಮಿಷನರಿಗೆ ಬರೆದು ತಿಳಿಸಬೇಕು. ತಡ ಮಾಡಿದರೆ ಆ ಪತ್ರ ಅವರ ಕೈ ಸೇರುವ ದಿನದವರೆಗೂ ಹೊಣೆ ಎಳೆಯುತ್ತೆ. ಕರ್ನಾಟಕದ ಹಳೇ ಮಾರಾಟ ತೆರಿಗೆ ಬಾಕಿಯ ಒಂದು ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟು, ಸಂಸ್ಥೆಯ ತೆರಿಗೆಯನ್ನು ಪಾಲುದಾರರ ಸ್ವಂತ ಆಸ್ತಿಯಿಂದಲೂ ವಸೂಲಿ ಮಾಡಬಹುದು ಅಂದಿದೆ. ಅಲ್ಲಿಯೂ ಆಧಾರ ಇದೇ 25ನೇ ಕಲಂ.

ಇನ್ನೊಂದು. ಆ 14,60,000ದ ಬಿಲ್ಲುಗಳನ್ನೆಲ್ಲ ಒಂದೊಂದಾಗಿ ನೋಡಿದ್ರಾ?

ಹಾವೇರಿ ಮಂಜು

ನಿನ್ನೆ ರಾತ್ರಿ ಕೂತು ನೋಡಿದೆ. 12,80,000 ಗೊಬ್ಬರ, ಬೀಜ, ಔಷಧಿ. ಉಳಿದ 1,80,000 ಪಂಪ್‌ಸೆಟ್ಟು, ಡ್ರಿಪ್ ಪೈಪು. ನಮ್ಮ ಅಂಗಡಿಯಲ್ಲಿ ಪಂಪ್‌ಸೆಟ್ ಮಾರಿದ್ದು ನನಗೆ ಗೊತ್ತಿಲ್ಲ. ಅಣ್ಣನ ಹೊಲದಲ್ಲಿ ಹೊಸ ಡ್ರಿಪ್ ಹಾಕಿದ್ದು ಮಾತ್ರ ಗೊತ್ತು.

ಶಾರದಾ, ಧಾರವಾಡ

ಗಿರೀಶ್ ಅವರು ಒಳ್ಳೆ ಪ್ರಶ್ನೆ ಕೇಳಿದರು. ಇಲ್ಲಿ "ರೂಢಿಯ ವ್ಯಾಪಾರ" ಅನ್ನೋದು ನಿಜವಾಗಿ ಪರೀಕ್ಷೆಗೆ ಬರುತ್ತೆ. ಡೀಡಿನಲ್ಲಿ ವ್ಯಾಪಾರದ ವಿವರ ಏನಿದೆ, ಇದೇ ಅಂಗಡಿ ಮೊದಲು ಇಂಥ ಮಾಲು ಮಾರಿದೆಯಾ, ನಿಮ್ಮ ತಾಲ್ಲೂಕಿನ ಉಳಿದ ಗೊಬ್ಬರದ ಅಂಗಡಿಗಳು ಏನು ಮಾರುತ್ತವೆ, ಇವು ಮೂರು ನೋಡಬೇಕು. ಔಷಧಿ ಹೊಡೆಯುವ ಸ್ಪ್ರೇಯರ್ ಆಗಿದ್ದರೆ ನಾನು ವಾದಿಸಲಿಕ್ಕೂ ಹೋಗುತ್ತಿರಲಿಲ್ಲ.

ಹುಬ್ಬಳ್ಳಿ ಸಗಟು

ಮೇಡಂ, ಈಗಿನ ಕಾಲದಾಗ ಅರ್ಧ ಗೊಬ್ಬರದ ಅಂಗಡ್ಯಾಗ ಡ್ರಿಪ್ ಪೈಪ್ ಸಿಗತಾವ್ರಿ. ಪಂಪ್‌ಸೆಟ್ಟೂ ಇಡ್ತಾರ. ಅಂಗಡಿ ಹೆಸರಿಗೆ ಬಿಲ್ ಮಾಡಸ್ಕೊಂಡು ಒಯ್ದ್ರ, ಮಾಲು ಹೊಲಕ್ಕ ಹೋತೋ ಅಂಗಡಿಗಿ ಹೋತೋ ನಾವು ಲಾರಿ ಬೆನ್ನ ಹತ್ತಿ ನೋಡಬೇಕೇನು?

ಶಾರದಾ, ಧಾರವಾಡ

ನೋಡಬೇಕಾಗಿಲ್ಲ, ಒಪ್ಪುತ್ತೇನೆ. ಅಣ್ಣನ ಮನಸ್ಸಿನಲ್ಲಿ ಏನಿತ್ತು ಅನ್ನೋದರಿಂದ ನಿಮ್ಮ ಹಕ್ಕು ಹೋಗಲ್ಲ. ಹೊರಗಿನಿಂದ ನೋಡಿದರೆ ಅದು ಈ ಬಗೆಯ ಅಂಗಡಿಯ ಖರೀದಿಯಂತೆ ಕಾಣುತ್ತಿತ್ತಾ ಅನ್ನೋದಷ್ಟೇ ಪ್ರಶ್ನೆ. ಆದರೆ ಮಾಲನ್ನು ನಿಮ್ಮ ಗಾಡಿಯೇ ನೇರ ಅಣ್ಣನ ಹೊಲಕ್ಕೆ ಇಳಿಸಿ ಬಂದಿದ್ದರೆ? ಆಗ "ನಮಗೇನು ಗೊತ್ತು" ಅನ್ನೋದು ಕಷ್ಟ. ಮಂಜು, ಇ-ವೇ ಬಿಲ್ಲಿನಲ್ಲಿ ಇಳಿಸಿದ ಜಾಗ ಯಾವುದು ಅಂತ ನೋಡಿ.

ಬಸಣ್ಣ ಕೆ

ಚೆಕ್ ಏನಾರ ಕೊಟ್ಟಾನೇನು ನಿಮ್ಮ ಅಣ್ಣ? ಬೌನ್ಸ್ ಆದ್ರ ಮೂರೂ ಮಂದಿ ಜೇಲಿಗೇ.

ಹಾವೇರಿ ಮಂಜು

ಕೊಟ್ಟಿದ್ದಾನೆ ಬಸಣ್ಣ, ಅಂಗಡಿ ಖಾತೆಯ 5 ಲಕ್ಷದ್ದು. ಬೌನ್ಸೂ ಆಗಿದೆ.

ಶಾರದಾ, ಧಾರವಾಡ

ಹೆದರಿಸಬೇಡಿ ಬಸಣ್ಣ. ಚೆಕ್ಕಿನ ಕ್ರಿಮಿನಲ್ ಕೇಸಿನ ದಾರಿಯೇ ಬೇರೆ. ಅಲ್ಲಿ ಸಂಸ್ಥೆ, ಸಹಿ ಮಾಡಿದವನು, ಆ ಹೊತ್ತಿಗೆ ವ್ಯಾಪಾರವನ್ನು ನಡೆಸುತ್ತಾ ಅದಕ್ಕೆ ಜವಾಬ್ದಾರನಾಗಿದ್ದವನು ಸಿಗುತ್ತಾರೆ. ಪಾಲುದಾರ ಅನ್ನೋ ಕಾರಣ ಒಂದರಿಂದಲೇ ಶಿಕ್ಷೆ ಆಗಲ್ಲ, 25ನೇ ಕಲಂನ ಹೊಣೆ ಸಿವಿಲ್ ಹೊಣೆ ಮಾತ್ರ ಅಂತ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಬೆಂಗಳೂರಲ್ಲಿ ಕೂತು ಅಂಗಡಿ ನೋಡದವರಿಗೆ ಅದು ಒಳ್ಳೆ ರಕ್ಷಣೆ. ಆದರೆ ಜೈಲಿಲ್ಲ ಅಂದ್ರೆ ಸಾಲವೂ ಇಲ್ಲ ಅಂತ ತಿಳೀಬೇಡಿ.

ಈಗ ದಾವೆ ಬಂದರೆ ಏನು ಅನ್ನೋದು. ಅವರು ಸಂಸ್ಥೆಯ ಹೆಸರಲ್ಲೇ ದಾವೆ ಹಾಕಬಹುದು. ಸಮನ್ಸು ಪಾಲುದಾರ ಅಂತ ನಿಮಗೆ ಖುದ್ದಾಗಿ ಬಂದು, ನೀವು ಹಾಜರಾಗದೆ ಕೂತರೆ, ಸಂಸ್ಥೆಯ ಮೇಲಿನ ಡಿಕ್ರಿಯನ್ನು ನೇರ ನಿಮ್ಮ ಸ್ವಂತ ಆಸ್ತಿ ಮೇಲೆ ಅಮಲ್ಜಾರಿ ಮಾಡಬಹುದು. ಸಮನ್ಸೇ ಬರದ ಪಾಲುದಾರನ ಮೇಲೆ ಹೋಗಬೇಕಂದ್ರೆ ಕೋರ್ಟಿನ ಅನುಮತಿ ಕೇಳಬೇಕು. ಊರಲ್ಲಿ ಎಷ್ಟೋ ಜನ "ಅಂಗಡಿ ಮೇಲಿನ ಕೇಸು, ಅಣ್ಣ ನೋಡ್ಕೋತಾನೆ" ಅಂತ ಸಮನ್ಸನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿಡುತ್ತಾರೆ. ಆಮೇಲೆ ಜಪ್ತಿಗೆ ಬಂದಾಗ ನನ್ನ ಹತ್ತಿರ ಓಡಿಬರುತ್ತಾರೆ. ಪಂಪ್‌ಸೆಟ್ಟಿನ ವಾದ, ಡೀಡಿನ ಪ್ರತಿಯ ವಾದ, ಎಲ್ಲ ಹೇಳಬೇಕಾದದ್ದು ದಾವೆಯಲ್ಲಿ. ಅಮಲ್ಜಾರಿ ಹಂತಕ್ಕೆ ಬಂದಮೇಲೆ ಆ ಬಾಗಿಲು ಮುಚ್ಚಿರುತ್ತೆ.

ಹಾವೇರಿ ಮಂಜು

ಸಂಬಳವನ್ನೂ ಹಿಡೀತಾರಾ ಮೇಡಂ? ಮನೆ ಹೆಂಡತಿ ಹೆಸರಲ್ಲಿದೆ, ಅವಳ ಅಪ್ಪ ಕೊಡಿಸಿದ್ದು.

ಶಾರದಾ, ಧಾರವಾಡ

ಪೂರ್ತಿ ಹಿಡಿಯೋಕೆ ಬರಲ್ಲ. ಮೊದಲ ಸಾವಿರ ರೂಪಾಯಿ ಮತ್ತೆ ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಸಂಬಳ 61,000 ಅಂದುಕೊಳ್ಳಿ, ಜಪ್ತಿಗೆ ಸಿಗೋದು ತಿಂಗಳಿಗೆ 20,000. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಅಲ್ಲಿಗೆ 4,80,000. ಪಿಎಫ್‌ಗೆ ಕೈ ಹಾಕುವಂತಿಲ್ಲ. ಅತ್ತೆಮನೆಯವರು ಅವರ ದುಡ್ಡಲ್ಲಿ ಮಗಳಿಗೆ ಕೊಡಿಸಿದ ಮನೆ ನಿಮ್ಮದಲ್ಲ, ಅದರ ದಾಖಲೆ ಎತ್ತಿಡಿ. ಊರಿನ ಹೊಲದಲ್ಲಿ ನಿಮ್ಮ ಪಾಲು ಇದ್ದರೆ ಅದರ ಮೇಲೆ ಬರಬಹುದು.

ಹುಬ್ಬಳ್ಳಿ ಸಗಟು

ಮಂಜಣ್ಣ, ಕೋರ್ಟಿಗೆ ಹೋದ್ರ ನಮಗೂ ಐದಾರು ವರ್ಷ. ಅಂಗಡಿ ಉದ್ರಿ ಪುಸ್ತಕ ಹಿಡ್ಕೊಂಡು ಮೂರೂ ಮಂದಿ ಹೋಗಿ ಕುಂದರ್ರಿ. ರೈತರಿಂದ ಬರೂದು ಎಷ್ಟೈತಿ?

ಹಾವೇರಿ ಮಂಜು

ಪುಸ್ತಕದಲ್ಲಿ 9 ಲಕ್ಷ ಚಿಲ್ಲರೆ ಇದೆ ಅಂತಾನೆ ಅಣ್ಣ. ಗೆಳೆಯ ಮಾತ್ರ ಫೋನೇ ಎತ್ತುತ್ತಿಲ್ಲ.

ಇ-ವೇ ಬಿಲ್ ತರಿಸಿಕೊಂಡೆ ಮೇಡಂ. ಡ್ರಿಪ್ ಪೈಪಿನದು ಅಂಗಡಿ ವಿಳಾಸಕ್ಕೇ ಇದೆ. ಪಂಪ್‌ಸೆಟ್ಟಿನ ಎರಡು ಬಿಲ್ಲಿಗೆ ಇಳಿಸಿದ ಜಾಗ ನಮ್ಮೂರು ಅಂತ ಇದೆ. ನಮ್ಮೂರಲ್ಲಿ ಅಂಗಡಿ ಇಲ್ಲ, ಅಣ್ಣನ ಹೊಲ ಇದೆ. ಅವನಿಗೆ ಇದನ್ನು ಕೇಳಿದಾಗಿನಿಂದ ದೊಡ್ಡಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಶಾರದಾ, ಧಾರವಾಡ

ಆ ಎರಡು ಬಿಲ್ಲಿನ ಮೊತ್ತ ಎಷ್ಟು? ಮಾಲು ಇಳಿಸಿಕೊಂಡವರ ಸಹಿ ಯಾರದ್ದಿದೆ ನೋಡಿ, ಅಣ್ಣನದೋ ಅಂಗಡಿ ಹುಡುಗನದೋ. ನೋಟಿಸಿಗೆ ಉತ್ತರ ಬರೆಯೋಕೆ ಮುಂಚೆ ಅದು ಬೇಕು.